ಆಮೆ ಸ್ಟಿಕ್ಕರ್ ಮತ್ತು ಮ್ಯಾನೇಜರ್ ಬರೆದ ಮೇಲ್

"ಗ್ರೂಪಿನಲ್ಲಿ ಭಾಷೆ ಹಿಡಿತದಲ್ಲಿರಲಿ ಅಂತ ಟೀಮಿಗೆ ಒಂದು ಮೇಲ್ ಹಾಕ್ಬೇಕು, ಸ್ವಲ್ಪ ನೋಡಿ ಹೇಳ್ತೀರಾ?" ಎಚ್‌ಆರ್ ಕೆಲಸದಲ್ಲಿರುವ ನನ್ನ ಹತ್ತಿರ ಮ್ಯಾನೇಜರ್‌ಗಳು ಹೀಗೆ ಕೇಳಿಕೊಂಡು ಬರುವುದುಂಟು. ಐದು ನಿಮಿಷದ ಕೆಲಸ ಅಂದುಕೊಂಡೇ ಬರುತ್ತಾರೆ. ಅವರು ತರುವ ಡ್ರಾಫ್ಟ್‌ಗಳೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಇತ್ತೀಚೆಗೆ ಕೆಲವು ದೂರುಗಳು ಬಂದಿವೆ, ಎಲ್ಲರೂ ಗೌರವದಿಂದ ನಡೆದುಕೊಳ್ಳಿ, ತಪ್ಪಿದರೆ ಕ್ರಮ ಕೈಗೊಳ್ಳಲಾಗುವುದು. ಮುಗಿಯಿತು. ಓದಿದವರು ಹೆಬ್ಬೆರಳಿನ ಇಮೋಜಿ ಒತ್ತುತ್ತಾರೆ. ಒಂದು ವಾರ ಗ್ರೂಪ್ ತೆಪ್ಪಗಿರುತ್ತದೆ. ಆಮೇಲೆ ಎಲ್ಲ ಮೊದಲಿನ ಹಾಗೇ.

ಯಾಕೆ ಹೀಗಾಗುತ್ತದೆ ಅಂತ ಹೇಳುವುದಕ್ಕೆ ಒಂದು ಟೀಮಿನ ಕಥೆ ಹೇಳುತ್ತೇನೆ. ಯಾರು, ಎಲ್ಲಿ ಅನ್ನುವುದು ಬೇಡ.

ಅದು ಹಗಲು ರಾತ್ರಿ ಸರ್ವರ್‌ಗಳನ್ನು ನೋಡಿಕೊಳ್ಳುವ ಟೀಮ್. ಅವರ ಗ್ರೂಪಿನಲ್ಲಿ ಬೈಗುಳ ಧಾರಾಳವಾಗಿತ್ತು. ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬಿ ಸಿಸ್ಟಮ್ ಮಲಗಿದರೆ, ಅದನ್ನು ಎಬ್ಬಿಸುವವರು ಆ ಸರ್ವರಿನ ವಂಶವನ್ನೇ ಜಾಲಾಡುತ್ತಿದ್ದರು. ಅದೇ ಗ್ರೂಪಿನಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗನಿದ್ದ. ಏನೇ ಕೇಳಿದರೂ ಎರಡು ಸಲ ಪರೀಕ್ಷೆ ಮಾಡಿಯೇ ಉತ್ತರ ಕೊಡುವ ಸ್ವಭಾವ. ಹಾಗಾಗಿ ತಡವಾಗುತ್ತಿತ್ತು. ಹಿರಿಯರೊಬ್ಬರು ಒಂದು ದಿನ ಅವನ ಮೆಸೇಜಿನ ಕೆಳಗೆ ಆಮೆಯ ಸ್ಟಿಕ್ಕರ್ ಹಾಕಿದರು. ಎಲ್ಲರೂ ನಕ್ಕರು. ಅವನೂ ನಗುವ ಇಮೋಜಿ ಹಾಕಿದ. ಅವತ್ತಿನಿಂದ ಅವನು ಏನು ಬರೆದರೂ ಆಮೆ. ಗುಡ್ ಮಾರ್ನಿಂಗ್ ಅಂದರೂ ಆಮೆ. ಜ್ವರ, ರಜೆ ಬೇಕು ಅಂದಾಗಲೂ ಯಾರೋ ಆಮೆ ಹಾಕಿದರು. ಬರುಬರುತ್ತಾ ಅವನು ಗ್ರೂಪಿನಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟ. ಗೊತ್ತಿಲ್ಲದ್ದನ್ನು ಒಬ್ಬೊಬ್ಬರ ಹತ್ತಿರ ಬೇರೆಯಾಗಿ ಕೇಳತೊಡಗಿದ. ಒಮ್ಮೆ ಯಾರನ್ನೂ ಕೇಳದೆ ಒಂದು ಬದಲಾವಣೆ ಮಾಡಿ, ಅದು ಕೆಟ್ಟು, ಮತ್ತೆ ರಾತ್ರಿಯೆಲ್ಲಾ ರಿಪೇರಿ.

ದೂರು ಹೋಗಿದ್ದು ಆಗ. ಕೊಟ್ಟವನು ಆ ಹುಡುಗನಲ್ಲ. ಪಕ್ಕದ ಶಿಫ್ಟಿನ ಒಬ್ಬ ಹೆಂಗಸು ಮ್ಯಾನೇಜರ್‌ಗೆ ಹೇಳಿದ್ದು, "ಸರ್, ನೋಡೋಕಾಗ್ತಿಲ್ಲ" ಅಂತ.

ಮ್ಯಾನೇಜರ್ ಒಳ್ಳೆಯವರೇ. ಅವರು ಗ್ರೂಪನ್ನು ಮೇಲಿನಿಂದ ಕೆಳಗೆ ಓದಿದರು. ಓದಿದಾಗ ಕಣ್ಣಿಗೆ ಹೊಡೆದಿದ್ದು ಬೈಗುಳ. ಆಮೆ ಕಣ್ಣಿಗೆ ಬೀಳಲೇ ಇಲ್ಲ. ಬಿದ್ದಿದ್ದರೂ ಅದು ಮುದ್ದಾದ ಒಂದು ಚಿತ್ರ, ಅಷ್ಟೇ. ಹಾಗಾಗಿ ಅವರು ನನ್ನ ಹತ್ತಿರ ತಂದ ಡ್ರಾಫ್ಟ್ ಪೂರ್ತಿ ಬೈಗುಳದ ಮೇಲೆಯೇ ಇತ್ತು. ಬಳಸಬಾರದ ಪದಗಳ ಒಂದು ಪಟ್ಟಿಯನ್ನೂ ಸೇರಿಸಬೇಕೆಂದಿದ್ದರು. (ಆ ಪಟ್ಟಿಯನ್ನು ಮೇಲ್‌ನಲ್ಲಿ ಹೇಗೆ ಬರೆಯುವುದು ಅಂತ ಅವರಿಗೇ ಮುಜುಗರ. ಚುಕ್ಕಿ ಹಾಕಿದ್ದರು.)

ಪದಗಳ ಪಟ್ಟಿಯ ದಾರಿಯನ್ನು ದೊಡ್ಡ ದೊಡ್ಡವರೇ ಹಿಡಿದಿದ್ದಾರೆ. 2010ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನವರನ್ನು ವಿಚಾರಣೆಗೆ ಕರೆದಿತ್ತು. ಬ್ಯಾಂಕಿನ ಒಳಗಿನ ಒಂದು ಇಮೇಲ್‌ನಲ್ಲಿ, ತಾವೇ ಮಾರಿದ ಒಂದು ಹೂಡಿಕೆಯನ್ನು ಅಧಿಕಾರಿಯೊಬ್ಬರು ಹೊಲಸು ಪದದಲ್ಲಿ ಬಣ್ಣಿಸಿದ್ದರು. ಸೆನೆಟರ್ ಕಾರ್ಲ್ ಲೆವಿನ್ ಆ ಪದವನ್ನು ಟಿವಿ ಕ್ಯಾಮೆರಾಗಳ ಮುಂದೆ ಮತ್ತೆ ಮತ್ತೆ ಓದಿದರು. ಅದೇ ವರ್ಷ ಜುಲೈನಲ್ಲಿ ಸುದ್ದಿ ಬಂತು: ಬ್ಯಾಂಕಿನವರು ಇನ್ನು ಮೇಲೆ ಇಮೇಲ್‌ನಲ್ಲಿ ಬೈಗುಳ ಬರೆಯುವಂತಿಲ್ಲ, ನಡುವೆ ನಕ್ಷತ್ರ ಚಿಹ್ನೆ ಹಾಕಿ ಬರೆದರೂ ಇಲ್ಲ, ಸಾಫ್ಟ್‌ವೇರ್ ಹಿಡಿಯುತ್ತದೆ. ಸರಿ, ಬ್ಯಾಂಕಿನ ಚಿಂತೆ ಅವರಿಗೆ. ಆದರೆ ಗಮನಿಸಿ, ಆ ಮೇಲ್‌ನಲ್ಲಿ ನಿಜವಾದ ತೊಂದರೆ ಇದ್ದದ್ದು ಪದದಲ್ಲಲ್ಲ. ಸರಕು ಕೆಟ್ಟದ್ದು ಅಂತ ಒಳಗಿನವರೇ ಬರೆದುಕೊಂಡಿದ್ದರಲ್ಲ, ಅದರಲ್ಲಿ. ಅದನ್ನೇ ಸಭ್ಯ ಭಾಷೆಯಲ್ಲಿ ಬರೆದಿದ್ದರೂ ಸೆನೆಟರ್‌ಗೆ ಕೇಳಲು ಪ್ರಶ್ನೆ ಇದ್ದೇ ಇರುತ್ತಿತ್ತು.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಇಷ್ಟ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಕಟ್ಟಿದ ಲೈನಸ್ ಟೊರ್ವಾಲ್ಡ್ಸ್ ಬೈಯುವುದಕ್ಕೆ ಹೆಸರುವಾಸಿ. ಕೋಡ್ ಚೆನ್ನಾಗಿಲ್ಲದಿದ್ದರೆ ಕಳಿಸಿದವರನ್ನು ಎಲ್ಲರೂ ಓದುವ ಮೇಲ್‌ನಲ್ಲೇ ಝಾಡಿಸುತ್ತಿದ್ದರು. 2018ರ ಸೆಪ್ಟೆಂಬರ್ 16ರಂದು ಅವರೇ ಒಂದು ಮೇಲ್ ಬರೆದು, ಹಾಗೆ ಜನರ ಮೇಲೆ ಎರಗಿದ್ದು ಸರಿಯಲ್ಲ ಎಂದು ಕ್ಷಮೆ ಕೇಳಿ, ಸ್ವಲ್ಪ ಕಾಲ ಕೆಲಸದಿಂದ ದೂರ ಉಳಿದರು. ಯೋಜನೆಗೆ ಒಂದು ನಡವಳಿಕೆ ನಿಯಮವೂ ಬಂತು. ಅದಾಗಿ ನವೆಂಬರ್ ಕೊನೆಯಲ್ಲಿ ಡೆವಲಪರ್ ಒಬ್ಬರು, ಲಿನಕ್ಸ್ ಕೋಡಿನ ಟಿಪ್ಪಣಿಗಳಲ್ಲಿ ಇದ್ದ ಒಂದು ಬೈಗುಳವನ್ನೆಲ್ಲ ತೆಗೆದು ಅಲ್ಲಿ "ಅಪ್ಪುಗೆ" ಅನ್ನುವ ಅರ್ಥದ ಪದ ಹಾಕೋಣ ಅಂದರು. ಓದಿದವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಟಿಪ್ಪಣಿಗಳಲ್ಲಿ ಬೈಸಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಯಾವುದೋ ಕೆಟ್ಟ ಚಿಪ್, ಅರ್ಥವಾಗದ ಹಾರ್ಡ್‌ವೇರ್. ಚಿಪ್‌ಗೆ ಬೇಜಾರಾಗುವುದಿಲ್ಲ. ಮೇಲ್‌ನಲ್ಲಿ ಬೈಸಿಕೊಂಡ ಮನುಷ್ಯನಿಗೆ ಆಗುತ್ತದೆ, ಅವನಿಗೆ ಬಳಸಿದ ಪದಗಳಲ್ಲಿ ಒಂದೂ ಹೊಲಸಿಲ್ಲದಿದ್ದರೂ.

ಹಾಗಾಗಿ ಮ್ಯಾನೇಜರ್‌ಗೆ ನಾನು ಹೇಳಿದ್ದು ಇಷ್ಟೇ. ಯಾವ ಪದ ಅಂತ ನೋಡಬೇಡಿ. ಯಾರ ಕಡೆಗೆ ಅಂತ ನೋಡಿ. ಸರ್ವರಿಗೆ ಬಿದ್ದ ಬೈಗುಳದಿಂದ ನಿಮ್ಮ ಟೀಮಿಗೆ ಏನೂ ಆಗಿಲ್ಲ. ಬೈಗುಳವೇ ಅಲ್ಲದ ಆಮೆಯಿಂದ ಒಬ್ಬ ಹುಡುಗ ಬಾಯಿ ಮುಚ್ಚಿಕೊಂಡಿದ್ದಾನೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಅವನೂ ನಗ್ತಾನಲ್ವಾ?" ಅಂದರು.

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹತ್ತು ಜನ ನಗುತ್ತಿರುವ ಗ್ರೂಪಿನಲ್ಲಿ ಹೊಸಬನೊಬ್ಬ ಇನ್ನೇನು ಮಾಡಬೇಕು? ನಗದಿದ್ದರೆ "ತಮಾಷೆ ತಡ್ಕೊಳೋಕಾಗಲ್ವಾ" ಅನ್ನುತ್ತಾರೆ. ನಗುವ ಇಮೋಜಿ ನೋಡಿ ಏನನ್ನೂ ತೀರ್ಮಾನ ಮಾಡಬಾರದು. ನೋಡಬೇಕಾದ್ದು ಬೇರೆ. ತಮಾಷೆ ಎರಡೂ ಕಡೆಯಿಂದ ಹರಿಯುತ್ತಿದೆಯಾ? ಹುಡುಗ ಆ ಹಿರಿಯರ ಮೆಸೇಜಿಗೆ ಯಾವತ್ತಾದರೂ ಒಂದು ಸ್ಟಿಕ್ಕರ್ ಹಾಕಿದ್ದಾನಾ? ತಮಾಷೆಯ ವಿಷಯ ದಿನಕ್ಕೊಂದು ಬದಲಾಗುತ್ತಿದೆಯಾ, ಇಲ್ಲ ಒಬ್ಬನ ಮೇಲೆಯೇ ಕೂತಿದೆಯಾ? ಅವನು ಬರೆಯುವುದು ಕಡಿಮೆಯಾಗಿದೆಯಾ? ಗ್ರೂಪನ್ನು ಹಿಂದಕ್ಕೆ ಸ್ಕ್ರೋಲ್ ಮಾಡುತ್ತಾ ಈ ಪ್ರಶ್ನೆಗಳನ್ನು ಇಟ್ಟುಕೊಂಡು ಓದಿದರೆ ಸಾಕು, ಗೊತ್ತಾಗುತ್ತದೆ. ಮ್ಯಾನೇಜರ್ ಹಾಗೇ ಓದಿದರು. ಓದುವಾಗ ಅವರಿಗೆ ಇನ್ನೊಂದೂ ಸಿಕ್ಕಿತು: ರಜೆ ಕೇಳಿದ ಮೆಸೇಜಿನ ಕೆಳಗಿನ ಆಮೆಗೆ ಅವರೇ ನಗುವ ಇಮೋಜಿ ಒತ್ತಿದ್ದರು. ನೆನಪೇ ಇರಲಿಲ್ಲ ಅವರಿಗೆ. ಟೀಮಿನವರಿಗೆ ಖಂಡಿತ ನೆನಪಿರುತ್ತದೆ.

ಇನ್ನು ಡ್ರಾಫ್ಟ್. ಅದರ ಮೊದಲ ಸಾಲೇ ಅಪಾಯದ ಸಾಲು: "ಕೆಲವರಿಂದ ದೂರುಗಳು ಬಂದಿವೆ." ಇದನ್ನು ಓದಿದ ಕ್ಷಣ ಟೀಮಿನಲ್ಲಿ ಯಾರೂ ಭಾಷೆಯ ಬಗ್ಗೆ ಯೋಚಿಸುವುದಿಲ್ಲ. ದೂರು ಕೊಟ್ಟಿದ್ದು ಯಾರು ಅಂತ ಹುಡುಕುತ್ತಾರೆ. ಇಲ್ಲಿ ಎಲ್ಲರ ಕಣ್ಣೂ ಹೋಗುವುದು ಆ ಹುಡುಗನ ಮೇಲೆ. ಅವನು ದೂರೇ ಕೊಟ್ಟಿಲ್ಲ! ಆಮೆಯ ಜೊತೆಗೆ ಚಾಡಿಕೋರ ಅನ್ನುವ ಹೆಸರೂ ಸೇರಿಕೊಳ್ಳುತ್ತಿತ್ತು. ಮ್ಯಾನೇಜರ್ ಗ್ರೂಪಿನಲ್ಲಿ ತಾವೂ ಇದ್ದಾರೆ, ತಾವೂ ಓದಿದ್ದಾರೆ. ಹಾಗಿದ್ದ ಮೇಲೆ "ನಾನು ಗ್ರೂಪ್ ಓದಿದೆ, ನನಗೆ ಹೀಗನ್ನಿಸಿತು" ಅಂತ ತಮ್ಮ ಹೆಸರಿನಲ್ಲೇ ಹೇಳಬಹುದಲ್ಲ. ಅದು ಸುಳ್ಳೂ ಅಲ್ಲ, ಯಾರನ್ನೂ ತೋರಿಸಿಕೊಡುವುದೂ ಇಲ್ಲ.

ಎರಡನೆಯದು "ವೃತ್ತಿಪರವಾಗಿ ವರ್ತಿಸಿ" ಅನ್ನುವ ಮಾತು. ಆಮೆ ಹಾಕಿದ ಹಿರಿಯರು ಇದನ್ನು ಓದಿ ತಲೆಯಾಡಿಸುತ್ತಾರೆ. ಹೌದು, ಆ ರಾತ್ರಿ ಶಿಫ್ಟಿನವರು ಜಾಸ್ತಿ ಬೈತಾರೆ ಅಂತ ಅಂದುಕೊಳ್ಳುತ್ತಾರೆ. ಅಡ್ಡಹೆಸರು, ಸ್ಟಿಕ್ಕರ್ ಅಂತ ಹೆಸರಿಟ್ಟು ಹೇಳದಿದ್ದರೆ ಇದು ತನಗೆ ಹೇಳಿದ್ದು ಅಂತ ಯಾರಿಗೂ ಅನ್ನಿಸುವುದಿಲ್ಲ.

ಮೂರನೆಯದು "ಇನ್ನು ಮೇಲೆ ಗ್ರೂಪಿನಲ್ಲಿ ಕೆಲಸದ ವಿಷಯ ಮಾತ್ರ". ಇದನ್ನು ನಾನು ಕೆಂಪು ಗೆರೆ ಎಳೆದು ಹೊಡೆದು ಹಾಕಿದೆ. ಹೀಗೆ ಬರೆದ ದಿನ ಸಂಜೆಯೇ ಇನ್ನೊಂದು ಗ್ರೂಪ್ ಹುಟ್ಟುತ್ತದೆ. ಅದರಲ್ಲಿ ಎಲ್ಲರೂ ಇರುತ್ತಾರೆ, ಮ್ಯಾನೇಜರ್ ಒಬ್ಬರನ್ನು ಬಿಟ್ಟು. ಕೆಲವೊಮ್ಮೆ ಆ ಹುಡುಗನನ್ನೂ ಬಿಟ್ಟು. ಅಲ್ಲಿ ಏನು ನಡೆಯುತ್ತದೆ ಅಂತ ನೋಡಲು ಮ್ಯಾನೇಜರ್‌ಗೆ ಕಿಟಕಿಯೂ ಇರುವುದಿಲ್ಲ.

ಮೇಲ್ ಕಳಿಸುವ ಮುಂಚೆ ಎರಡು ಮಾತುಕತೆ ಆಗಬೇಕಿತ್ತು. ಒಬ್ಬರಿಗೆ ಹೇಳಬೇಕಾದ್ದನ್ನು ಹೇಳಲಾಗದೆ ಹದಿನೈದು ಜನರಿಗೆ ಮೇಲ್ ಹಾಕುವುದು ಮ್ಯಾನೇಜರ್‌ಗಳ ಹಳೇ ಚಾಳಿ. ಆ ಒಬ್ಬರು ಓದಿ ಏನೂ ಆಗಿಲ್ಲ ಅನ್ನುವಂತಿರುತ್ತಾರೆ, ಉಳಿದವರು ನಾವೇನು ಮಾಡಿದೆವು ಅಂತ ಮುಖ ಸಿಂಡರಿಸುತ್ತಾರೆ. ಹಾಗಾಗಿ ಮೊದಲು ಹಿರಿಯರ ಜೊತೆ ಮಾತು. ಅದರಲ್ಲಿ ದೂರಿನ ಸುದ್ದಿಯೇ ಬರಬಾರದು. ಮ್ಯಾನೇಜರ್ ಸ್ಕ್ರೀನ್ ತೋರಿಸಿ ಹೇಳಿದ್ದು ಹೀಗೆ: "ರಜೆ ಕೇಳಿದ್ದಕ್ಕೆ ಆಮೆ ಬಿದ್ದಿದೆ ನೋಡಿ. ಇದಕ್ಕೆ ನಾನೂ ನಕ್ಕಿದ್ದೀನಿ. ಇನ್ನು ನಾನು ನಗಲ್ಲ, ನೀವೂ ಹಾಕ್ಬೇಡಿ. ನಾಳೆ ಎಲ್ಲರಿಗೂ ಒಂದು ಮೇಲ್ ಹಾಕ್ತೀನಿ, ನಿಮ್ಮ ಹೆಸರು ಅದರಲ್ಲಿ ಇರಲ್ಲ." ಹಿರಿಯರು ಮೊದಲು "ಅಯ್ಯೋ, ಸುಮ್ನೆ ತಮಾಷೆಗೆ ಸರ್" ಅಂದರು. ಆಮೇಲೆ, "ಅವನು ಏನಾದ್ರೂ ಹೇಳಿದ್ನಾ?" ಇದು ಬಂದೇ ಬರುವ ಪ್ರಶ್ನೆ. ಉತ್ತರ ಮೊದಲೇ ತಯಾರಿರಬೇಕು. "ಗ್ರೂಪಿನಲ್ಲಿ ನಾನೂ ಇದ್ದೀನಲ್ವಾ, ಓದಿದೆ" ಅಂತ ಹೇಳಿ ನಿಲ್ಲಿಸಬೇಕು. "ಇಲ್ಲ, ಅವನಲ್ಲ" ಅಂತಲೂ ಹೇಳಬಾರದು. ಅವನಲ್ಲ ಅಂದರೆ ಇನ್ಯಾರು ಅನ್ನುವ ಹುಡುಕಾಟ ಶುರುವಾಗುತ್ತದೆ.

ಎರಡನೆಯ ಮಾತು ಹುಡುಗನ ಜೊತೆ, ಚಿಕ್ಕದಾಗಿ. ನಾಳೆ ಒಂದು ಮೇಲ್ ಬರುತ್ತದೆ, ಅದರಲ್ಲಿ ನಿನ್ನ ಪ್ರಸ್ತಾಪ ಇಲ್ಲ, ಯಾರಾದರೂ ಏನಾದರೂ ಅಂದರೆ ನೇರ ನನಗೆ ಹೇಳು. ಅಷ್ಟೇ. ಅವನ ಕೈಲಿ ಹೇಳಿಕೆ ಬರೆಸಿಕೊಳ್ಳುವ, ನೋವಾಯಿತಾ ಅಂತ ಕೆದಕುವ ಅಗತ್ಯವಿರಲಿಲ್ಲ. ಗೊತ್ತಿಲ್ಲದೆ ಮೇಲ್ ಓದಿದ್ದರೆ ಮಾತ್ರ ಅವನಿಗೆ ಎದೆ ಧಸಕ್ಕೆನ್ನುತ್ತಿತ್ತು.

ಕೊನೆಗೆ ಹೋದ ಮೇಲ್ ಇದು. ಗುರುತು ಸಿಗದಂತೆ ಒಂದೆರಡು ಕಡೆ ಬದಲಿಸಿದ್ದೇನೆ.

> ವಿಷಯ: ನಮ್ಮ ಗ್ರೂಪಿನಲ್ಲಿ ತಮಾಷೆ ಮತ್ತು ಭಾಷೆ
>
> ಎಲ್ಲರಿಗೂ ನಮಸ್ಕಾರ.
>
> ಈ ವಾರ ನಮ್ಮ ಗ್ರೂಪಿನ ಹಳೆಯ ಮೆಸೇಜುಗಳನ್ನು ಓದಿದೆ. ಇವತ್ತಿನಿಂದ ಕೆಲವು ವಿಷಯ ಬದಲಾಗಬೇಕು.
>
> ಸಿಸ್ಟಮ್ ಕೈಕೊಟ್ಟಾಗ ಸಿಟ್ಟು ಬರುತ್ತದೆ, ಗೊತ್ತು. ಅದನ್ನು ತೋಡಿಕೊಳ್ಳುವುದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಬೇರೆ ಟೀಮಿನವರು ಅಥವಾ ಗ್ರಾಹಕರು ಇರುವ ಗ್ರೂಪಿನಲ್ಲಿ ಬೈಗುಳ ಬೇಡವೇ ಬೇಡ.
>
> ನಮ್ಮಲ್ಲಿ ಯಾರನ್ನೂ ಗುರಿ ಮಾಡಿ ಬೈಯುವುದು, ಅಡ್ಡಹೆಸರು ಇಡುವುದು, ಒಬ್ಬರ ಮೆಸೇಜಿಗೆ ಅದೇ ಸ್ಟಿಕ್ಕರ್ ಅಥವಾ ಮೀಮ್ ಹಾಕುತ್ತಾ ಹೋಗುವುದು ಇನ್ನು ಬೇಡ. ಅವರು ನಕ್ಕರೂ ಬೇಡ. ಯಾರದೇ ಮೈಬಣ್ಣ, ದೇಹ, ಜಾತಿ, ಧರ್ಮ, ಊರು, ಮನೆಯವರು, ಗಂಡು-ಹೆಣ್ಣು ಅನ್ನುವುದರ ಮೇಲೆ ತಮಾಷೆ ಯಾವ ಗ್ರೂಪಿನಲ್ಲೂ ಇಲ್ಲ.
>
> ಇಂಥ ಕೆಲವು ಮೆಸೇಜಿಗೆ ನಾನೇ ನಕ್ಕಿದ್ದೀನಿ. ಇನ್ನು ಮೇಲೆ ನಗುವುದಿಲ್ಲ.
>
> ಹಳೆಯ ಮೆಸೇಜುಗಳನ್ನು ಅಳಿಸಬೇಡಿ. ಅವುಗಳ ಬಗ್ಗೆ ನಾನು ಗ್ರೂಪಿನಲ್ಲಿ ಚರ್ಚೆ ಮಾಡುವುದಿಲ್ಲ, ನೀವೂ ಮಾಡಬೇಡಿ.
>
> ಮುಂದೆ ಹೀಗಾದರೆ ಮೊದಲು ನಾನು ನಿಮ್ಮ ಜೊತೆ ಬೇರೆಯಾಗಿ ಮಾತಾಡುತ್ತೇನೆ. ಮತ್ತೆ ಆದರೆ ಎಚ್‌ಆರ್‌ಗೆ ಬರವಣಿಗೆಯಲ್ಲಿ ಹೋಗುತ್ತದೆ. ನಿಮಗೇ ಏನಾದರೂ ಸರಿ ಕಾಣದಿದ್ದರೆ ನನಗೆ ಹೇಳಿ. ನನ್ನದೇ ತಪ್ಪಾಗಿದ್ದರೆ ಎಚ್‌ಆರ್‌ಗೆ ನೇರವಾಗಿ ಬರೆಯಿರಿ.

"ಅವರು ನಕ್ಕರೂ ಬೇಡ" ಅನ್ನುವ ಪುಟ್ಟ ಸಾಲಿಗಾಗಿ ನಾವು ಜಾಸ್ತಿ ಹೊತ್ತು ಕೂತಿದ್ದೆವು. ಮ್ಯಾನೇಜರ್‌ಗೆ ಅದು ಅತಿಯಾಯಿತು ಅನ್ನಿಸಿತ್ತು. ಗೆಳೆಯರಿಬ್ಬರು ಪರಸ್ಪರ ಕಾಲೆಳೆದುಕೊಂಡರೆ ತಪ್ಪೇನು ಅಂದರು. ತಪ್ಪೇನಿಲ್ಲ, ಅವರಿಬ್ಬರೇ ಇರುವಲ್ಲಿ. ಎಲ್ಲರೂ ಇರುವ ಗ್ರೂಪಿನಲ್ಲಿ ಅದು ಮೂರನೆಯವರಿಗೆ ಪರವಾನಗಿ ಆಗಿಬಿಡುತ್ತದೆ. ಅವರು ಹಾಕಬಹುದಾದರೆ ನಾನೂ ಹಾಕಬಹುದು ಅಂತ. ಆಮೆ ಹರಡಿದ್ದು ಹಾಗೆಯೇ.

ಹಳೆಯದನ್ನು ಅಳಿಸಬೇಡಿ ಅನ್ನುವ ಸಾಲಿಗೆ ಬೇರೆ ಕಾರಣ. ಇಂಥ ಮೇಲ್ ಬಂದ ಕೂಡಲೇ ಜನ ಹೆದರಿ ಅಳಿಸತೊಡಗುತ್ತಾರೆ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಕಾಣದಂತೆ ಅಳಿಸಿದ ಜಾಗದಲ್ಲಿ, ಇಲ್ಲಿದ್ದ ಮೆಸೇಜ್ ಅಳಿಸಲಾಗಿದೆ ಅನ್ನುವ ಗುರುತು ಉಳಿಯುತ್ತದೆ. ಅಂಥ ಗುರುತುಗಳ ಸಾಲು ನೋಡಿದವರಿಗೆ ಇದ್ದದ್ದಕ್ಕಿಂತ ಕೆಟ್ಟದ್ದೇ ಇತ್ತು ಅನ್ನಿಸುತ್ತದೆ. ಅದಕ್ಕಿಂತ ಮುಖ್ಯ, ನಾಳೆ ಯಾರಾದರೂ ನಿಜವಾಗಿಯೂ ದೂರು ಕೊಟ್ಟರೆ ಅವರ ಹತ್ತಿರ ತೋರಿಸುವುದಕ್ಕೆ ಏನಾದರೂ ಇರಬೇಕು. ಮ್ಯಾನೇಜರ್ ತಾವೇ ಅಳಿಸಿ ಅಂದರೆ ಸಾಕ್ಷಿ ನಾಶ ಮಾಡಿಸಿದ ಹಾಗೆ.

ಮೇಲ್ ಹೋದದ್ದು ವಾರದ ನಡುವೆ, ಬೆಳಗ್ಗೆ. ವಾರದ ಕೊನೆಯ ಸಂಜೆ ಇಂಥದ್ದನ್ನು ಕಳಿಸಿ ಲ್ಯಾಪ್‌ಟಾಪ್ ಮುಚ್ಚುವ ಮ್ಯಾನೇಜರ್‌ಗಳಿದ್ದಾರೆ. ಎರಡು ದಿನ ಟೀಮಿನವರು ತಮ್ಮತಮ್ಮಲ್ಲೇ ಅರ್ಥ ಹಚ್ಚಿಕೊಂಡು ಕುದಿಯುತ್ತಾರೆ. ಕೇಳುವುದಕ್ಕೆ ಮನುಷ್ಯ ಎದುರಿಗಿರುವಾಗ ಕಳಿಸಬೇಕು.

ಮೊದಲ ಪರೀಕ್ಷೆ ಅವತ್ತು ಮಧ್ಯಾಹ್ನವೇ ಆಯಿತು. ಒಬ್ಬರು ಗ್ರೂಪಿನಲ್ಲಿ "ಸರ್, ಗುಡ್ ಆಫ್ಟರ್‌ನೂನ್ ಅನ್ನೋಕೂ ಪರ್ಮಿಷನ್ ಬೇಕಾ?" ಅಂತ ಬರೆದರು. ಸುತ್ತ ನಗು. ಮ್ಯಾನೇಜರ್ ನನಗೆ ಫೋನ್ ಮಾಡಿದರು, ಇವರನ್ನು ಏನು ಮಾಡಲಿ ಅಂತ. ಏನೂ ಮಾಡಬೇಡಿ ಅಂದೆ. ಅದು ನಿಮ್ಮ ಮೇಲಿನ ತಮಾಷೆ, ನಿಯಮದ ಮೇಲಿನ ತಮಾಷೆ. ಮೇಲೆ ಕೂತವರನ್ನು ಸ್ವಲ್ಪ ಚುಚ್ಚಲಿ ಬಿಡಿ. ಅವರು "ಗುಡ್ ಆಫ್ಟರ್‌ನೂನ್‌ಗೆ ಬೇಡ, ಗುಡ್ ನೈಟ್‌ಗೆ ಬೇಕು, ಇನ್ನೂ ಟಿಕೆಟ್ ಬಾಕಿ ಇದೆ" ಅಂತ ಹಾಕಿದರು. ಅಲ್ಲಿಗೆ ಬಿಗಿ ಸಡಿಲವಾಯಿತು.

ಎರಡನೆಯ ಪರೀಕ್ಷೆಯೇ ನಿಜವಾದದ್ದು. ಕೆಲವು ದಿನ ಕಳೆದ ಮೇಲೆ ಬೇರೆ ಯಾರೋ ಮತ್ತೆ ಆಮೆ ಹಾಕಿದರು. ಮರೆತು ಹಾಕಿದರೋ, ಬೇಕೆಂದೇ ಹಾಕಿದರೋ, ಅದು ಮುಖ್ಯವಲ್ಲ. ಆಗ ಮ್ಯಾನೇಜರ್ ಗ್ರೂಪಿನಲ್ಲಿ ಒಂದೇ ಸಾಲು ಬರೆದರು: "ಇದು ಬೇಡ ಅಂದಿದ್ದೆ. ತೆಗೆಯೋದು ಬೇಡ, ಮತ್ತೆ ಹಾಕ್ಬೇಡಿ." ಉಪದೇಶವಿಲ್ಲ, ಮೇಲ್‌ನ ಲಿಂಕ್ ಇಲ್ಲ. ಆಮೇಲೆ ಹುಡುಗ ಕೇಳಿದ್ದ ಪ್ರಶ್ನೆಗೆ ಅಲ್ಲೇ ಉತ್ತರವನ್ನೂ ಕೊಟ್ಟರು. ಆ ಸಾಲು ಬರದೇ ಹೋಗಿದ್ದರೆ ಅಷ್ಟು ಉದ್ದದ ಮೇಲ್ ಬರೆದದ್ದು ದಂಡ.

ನಿಯಮ ಕೆಲಸ ಮಾಡುತ್ತಿದೆಯಾ ಅಂತ ತಿಳಿಯುವುದು ಹೇಗೆ? ಮ್ಯಾನೇಜರ್‌ಗಳು ಸಾಮಾನ್ಯವಾಗಿ ಗ್ರೂಪ್ ಶಾಂತವಾಗಿದೆ ಅಂತ ಖುಷಿಯಾಗಿ ಬರುತ್ತಾರೆ. ನನಗೆ ಅದನ್ನು ಕೇಳಿದರೆ ಅನುಮಾನ. ಮಾತೇ ನಿಂತಿದ್ದರೆ ಅದು ಇನ್ನೊಂದು ಗ್ರೂಪಿಗೆ ಹೋಗಿದೆ ಅಂತ ಅರ್ಥ. ಗದ್ದಲ ಮೊದಲಿನಷ್ಟೇ ಇದ್ದು, ಅದರ ನಡುವೆ ಮೊದಲು ಸುಮ್ಮನಾಗಿದ್ದವರು ಪ್ರಶ್ನೆ ಕೇಳತೊಡಗಿದ್ದರೆ ಆಗ ಸರಿ. ಈ ಟೀಮಿನಲ್ಲಿ ರಾತ್ರಿ ಶಿಫ್ಟಿನವರು ಇವತ್ತಿಗೂ ಸರ್ವರಿಗೆ ಬೈಯುತ್ತಾರೆ. ಹುಡುಗ ತನ್ನ ಪ್ರಶ್ನೆಗಳನ್ನು ಗ್ರೂಪಿಗೇ ಹಾಕುತ್ತಾನೆ, ಈಗಲೂ ಎರಡು ಸಲ ಪರೀಕ್ಷೆ ಮಾಡಿಯೇ ಉತ್ತರಿಸುತ್ತಾನೆ. ಅವರಿಗೆ ಇನ್ನೊಂದು ಗ್ರೂಪ್ ಇದೆಯಾ? ಇರಬಹುದು. ಸ್ವಂತ ಫೋನಿನಲ್ಲಿ ಗೆಳೆಯರು ಮಾಡಿಕೊಂಡ ಗ್ರೂಪಿನೊಳಗೆ ಇಣುಕಲು ಮ್ಯಾನೇಜರ್ ಹೋಗಬಾರದು. ಆದರೆ ಅಲ್ಲಿ ಸಹೋದ್ಯೋಗಿಯೊಬ್ಬರ ಬಗ್ಗೆ ಆಡಿದ ಮಾತಿನ ಸ್ಕ್ರೀನ್‌ಶಾಟ್ ಅವರ ಕೈ ಸೇರಿತು ಅಂದರೆ, ಅದು ಖಾಸಗಿ ಅಂತ ಕಣ್ಣು ಮುಚ್ಚಿಕೊಳ್ಳುವುದಕ್ಕೂ ಆಗುವುದಿಲ್ಲ.

ಒಂದು ಮಿತಿ ಹೇಳಿಬಿಡಬೇಕು. ಲೈಂಗಿಕ ಮಾತು, ಬೆದರಿಕೆ, ಜಾತಿ-ಧರ್ಮದ ನಿಂದನೆ ಗ್ರೂಪಿನಲ್ಲಿ ಆಗಿದ್ದರೆ ಟೀಮಿಗೆಲ್ಲ ಒಂದು ಮೇಲ್ ಹಾಕಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಅದಕ್ಕೆ ದೂರು, ವಿಚಾರಣೆ ಅನ್ನುವ ದಾರಿ ಬೇರೆಯೇ ಇದೆ. ಹಾಗಾದಾಗ ಮ್ಯಾನೇಜರ್ ತಾವೇ ಹಿರಿಯರ ಹತ್ತಿರ ಮಾತಾಡಿ ಬಗೆಹರಿಸುತ್ತೇನೆ ಅಂತಲೂ ಹೊರಡಬಾರದು. ಆಮೆಗೆ ಸಾಕಾದ ಮೇಲ್ ಅಲ್ಲಿ ಸಾಲದು.

ಮೇಲ್‌ಗಳು ಬೇಗ ಹೂತುಹೋಗುತ್ತವೆ, ಆಮೇಲೆ ಟೀಮಿಗೆ ಸೇರಿದವರಿಗೆ ಅದು ತಲುಪುವುದೂ ಇಲ್ಲ. ಅದಕ್ಕೇ ಅವರು ಗ್ರೂಪಿನ ವಿವರಣೆಯಲ್ಲಿ ಒಂದು ಸಾಲು ಹಾಕಿಟ್ಟಿದ್ದಾರೆ: "ಸಿಸ್ಟಮ್‌ಗೆ ಬೈಯಬಹುದು, ಒಬ್ಬರಿಗೊಬ್ಬರು ಬೈಯುವಂತಿಲ್ಲ, ಅಡ್ಡಹೆಸರು ಇಲ್ಲ." ಸಾಲು ಬರೆದುಕೊಟ್ಟದ್ದು ಆಮೆ ಹಾಕಿದ ಹಿರಿಯರೇ. ಮ್ಯಾನೇಜರ್ ಬರೆದದ್ದು ಇದರ ಮೂರರಷ್ಟಿತ್ತಂತೆ.